ಚಲನ್‌ಗೆ ಸಹಿ ಹಾಕಿ ಇಳಿಸಿಕೊಂಡ ಮಾಲನ್ನು ಬೇಡ ಅನ್ನಬಹುದೇ?

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ ಸರ್. ಟ್ರ್ಯಾಕ್ಟರ್ ಪಿನ್ ಮಾಡಿಕೊಡುತ್ತೇವೆ. ಜೂನ್ 3ರಂದು 25 ಎಂಎಂ ಇಎನ್ 8 ಗ್ರೇಡ್ ಉಕ್ಕಿನ ಬ್ರೈಟ್ ಬಾರ್ 2 ಟನ್ ಬಂತು, ನಾಲ್ಕು ಬಂಡಲ್. ನಮ್ಮ ಹುಡುಗ ಚಲನ್‌ಗೆ ಸಹಿ ಹಾಕಿ ಇಳಿಸಿಕೊಂಡ. ಮೂರನೇ ಬಂಡಲ್‌ನಿಂದ 180 ಕೆಜಿ ಕತ್ತರಿಸಿ, ಅದರಲ್ಲಿ 40 ಪಿನ್ ಇಂಡಕ್ಷನ್ ಹಾರ್ಡನಿಂಗ್‌ಗೆ ಕಳಿಸಿದೆ. ಗಡಸುತನ 50ರಿಂದ 55 ಎಚ್‌ಆರ್‌ಸಿ ಬರಬೇಕಿತ್ತು, 41-43 ಬಂದಿದೆ. ಲ್ಯಾಬ್‌ನಲ್ಲಿ ನೋಡಿಸಿದರೆ ಕಾರ್ಬನ್ 0.27. ನನ್ನ ಪರ್ಚೇಸ್ ಆರ್ಡರ್, ಅಂದರೆ ಪಿಒದಲ್ಲಿ 0.36ರಿಂದ 0.44 ಅಂತ ಸ್ಪಷ್ಟವಾಗಿದೆ. ಮೊದಲ ಎರಡು ಬಂಡಲ್‌ಗೆ ಟೆಸ್ಟ್ ಸರ್ಟಿಫಿಕೇಟ್, ಅಂದರೆ ಟಿಸಿಯಲ್ಲಿರುವ ಹೀಟ್ ನಂಬರಿನ, ಅಂದರೆ ಉಕ್ಕು ಕರಗಿಸಿದ ಬ್ಯಾಚ್ ನಂಬರಿನ ಟ್ಯಾಗ್ ಇದೆ, ಕೊನೆಯ ಎರಡಕ್ಕೆ ಟ್ಯಾಗೇ ಇಲ್ಲ. ಸಪ್ಲೈಯರ್‌ಗೆ ಫೋನ್ ಮಾಡಿದೆ, ವಾಟ್ಸಾಪ್‌ನಲ್ಲಿ ಫೋಟೋನೂ ಕಳಿಸಿದೆ. "ಸಹಿ ಹಾಕಿ ತಗೊಂಡಿದ್ದೀರಿ, ಕತ್ತರಿಸಿದ್ದೀರಿ, ಬಿಲ್ ಮೇಲೆ ‘ಮಾರಿದ ಮಾಲು ವಾಪಸ್ ಇಲ್ಲ’ ಅಂತ ಪ್ರಿಂಟ್ ಇದೆ" ಅಂತಾರೆ. ಅವರದೇ ಡ್ರಾಯಿಂಗ್ ಘಟಕ, ಉದ್ಯಮ್ ರಿಜಿಸ್ಟ್ರೇಷನ್ ಇದೆ. ಇವತ್ತಿಗೆ 11 ದಿನ ಆಯಿತು. ಪೂರ್ತಿ ದುಡ್ಡು ತಡೆಹಿಡಿದು ಮಾಲು ವಾಪಸ್ ಕಳಿಸಿಬಿಡಲೇ? ಕಾಗದ ಹೇಗೆ ಬರೆಯಬೇಕು?

ಉತ್ತರ: ಮಾಲು ವಾಪಸ್ ಕಳಿಸಬೇಡಿ. ಪೂರ್ತಿ ದುಡ್ಡನ್ನೂ ತಡೆಯಬೇಡಿ. ಕಾಗದ ಮಾತ್ರ ಜೂನ್ 18ರೊಳಗೆ ಅವರ ಕೈಗೆ ಸೇರಲೇಬೇಕು. ಅಂದರೆ ನಿಮಗೆ ಇನ್ನು ನಾಲ್ಕು ದಿನ ಇದೆ. ಅದರಲ್ಲಿ ಒಂದು ದಿನವನ್ನು ಕಾಗದ ಬರೆಯುವ ಮೊದಲು ಇನ್ನೊಂದು ಕೆಲಸಕ್ಕೆ ಇಟ್ಟುಕೊಳ್ಳಿ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಸಹಿಯ ವಿಷಯ. ಚಲನ್ ಮೇಲಿನ ಸಹಿ ಹೇಳುವುದು ಇಷ್ಟೇ: ಇಷ್ಟು ಬಂಡಲ್, ಇಷ್ಟು ತೂಕ ಗೇಟಿನೊಳಗೆ ಬಂತು. 1930ರ ಸರಕು ಮಾರಾಟ ಕಾಯ್ದೆಯಲ್ಲಿ ಮಾಲು ಕೈಸೇರುವುದು ಬೇರೆ, ಮಾಲನ್ನು ಒಪ್ಪಿಕೊಳ್ಳುವುದು ಬೇರೆ. ಮೊದಲೇ ನೋಡಿರದ ಮಾಲು ಬಂದಾಗ, ಪಿಒದಲ್ಲಿ ಬರೆದ ಹಾಗೇ ಇದೆಯಾ ಎಂದು ಪರೀಕ್ಷಿಸಲು ಸಮಂಜಸವಾದ ಅವಕಾಶ ಸಿಗುವವರೆಗೆ ಖರೀದಿದಾರ ಒಪ್ಪಿಕೊಂಡಂತಲ್ಲ ಎಂದು 41ನೇ ಸೆಕ್ಷನ್ ಹೇಳುತ್ತದೆ. ಬಾರ್ ಹೊಳೆಯುತ್ತಿದೆ, ಮೈಕ್ರೋಮೀಟರ್‌ಗೆ ಸೈಜ್ ಸರಿ ಇದೆ ಅಂದಮಾತ್ರಕ್ಕೆ ಒಳಗಿನ ಕಾರ್ಬನ್ ಕಣ್ಣಿಗೆ ಕಾಣುತ್ತದೆಯೇ? ಇಳಿಸುವ ಹುಡುಗ ಅದನ್ನು ಹೇಗೆ ಪರೀಕ್ಷಿಸಬೇಕಿತ್ತು? ಈ ಮಾತಿಗೆ ಹೆದರಬೇಡಿ. ಮುಂದಿನ ಸಲದಿಂದ ಸಹಿಯ ಮೇಲೆ "ತೂಕ ಮಾತ್ರ ಸರಿ, ಗುಣಮಟ್ಟ ಪರೀಕ್ಷೆಗೆ ಒಳಪಟ್ಟು" ಅಂತ ಒಂದು ರಬ್ಬರ್ ಸ್ಟ್ಯಾಂಪ್ ಹೊಡೆಸಿ. ಈ ಜಗಳವೇ ಇರುವುದಿಲ್ಲ.

ಬಿಲ್ ಮೇಲಿನ ಆ ಪ್ರಿಂಟಿಗೂ ಅವರು ಅಂದುಕೊಂಡಷ್ಟು ಬಲ ಇಲ್ಲ. ನಿಮ್ಮ ಒಪ್ಪಂದ ಪಿಒ ಕೊಟ್ಟು ಅವರು ಒಪ್ಪಿದ ದಿನವೇ ಮುಗಿದಿದೆ. ಆಮೇಲೆ ಮಾಲಿನ ಜೊತೆ ಬಂದ ಬಿಲ್ಲಿನ ಅಡಿ ಸಣ್ಣಕ್ಷರದಲ್ಲಿ ಒಬ್ಬರೇ ಸೇರಿಸಿದ ಸಾಲು ಒಪ್ಪಂದ ಆಗುವುದಿಲ್ಲ. ಆದರೆ ಒಂದು ವಿಷಯ ನೋಡಿಕೊಳ್ಳಿ. ಅವರ ಕೊಟೇಶನ್‌ನಲ್ಲಿ ಇದೇ ಸಾಲಿದ್ದು, ನಿಮ್ಮ ಪಿಒದಲ್ಲಿ "ನಿಮ್ಮ ಕೊಟೇಶನ್ ಪ್ರಕಾರ" ಅಂತ ಬರೆದಿದ್ದರೆ ಕಥೆ ಬೇರೆ. ಇಬ್ಬರೂ ಒಪ್ಪಿ ಹಕ್ಕುಗಳನ್ನು ಬದಲಿಸಿಕೊಳ್ಳಲು ಕಾಯ್ದೆಯಲ್ಲೇ ಅವಕಾಶ ಇದೆ. ಹಾಗಾಗಿ ಹಳೆ ಕೊಟೇಶನ್ ಇವತ್ತೇ ತೆಗೆದು ಓದಿ.

ಅವರ ಮೂರು ಮಾತಿನಲ್ಲಿ ನಿಜವಾಗಿ ತೂಕ ಇರುವುದು ಒಂದಕ್ಕೆ: ಕತ್ತರಿಸಿದ್ದೀರಿ ಅನ್ನುವುದು. ಮಾಲು ಇನ್ನೂ ಮಾರಿದವನದು ಎಂಬುದಕ್ಕೆ ಹೊಂದದ ಕೆಲಸ ಮಾಡಿದರೆ ಒಪ್ಪಿಕೊಂಡಂತೆ ಎನ್ನುತ್ತದೆ 42ನೇ ಸೆಕ್ಷನ್. ಪರೀಕ್ಷೆಗೆ ಅಂತ ನಾಲ್ಕೈದು ತುಂಡು ಕತ್ತರಿಸಿದರೆ ಯಾರೂ ಏನೂ ಅನ್ನುವುದಿಲ್ಲ. 180 ಕೆಜಿ ಅಂದರೆ ಹಾಗಲ್ಲ. 25 ಎಂಎಂ ಬಾರ್ ಮೀಟರಿಗೆ ಸುಮಾರು 3.85 ಕೆಜಿ ತೂಗುತ್ತದೆ. ನಿಮ್ಮ ಪಿನ್ 120 ಎಂಎಂ ಉದ್ದ ಅಂತಿಟ್ಟುಕೊಂಡರೂ ಬ್ಲೇಡಿಗೆ ಹೋಗುವುದು ಕಳೆದು 380 ತುಂಡು ಆಯಿತು. ಅದು ಪರೀಕ್ಷೆ ಅಲ್ಲ, ಉತ್ಪಾದನೆ ಅಂತ ಅವರ ವಕೀಲರು ಹೇಳಿದರೆ ಅದರಲ್ಲಿ ಅರ್ಥ ಇದೆ. ಇನ್ನೊಂದು ಕಡೆ 13ನೇ ಸೆಕ್ಷನ್ ಪ್ರಕಾರ, ಭಾಗ ಮಾಡಲಾಗದ ಒಪ್ಪಂದದಲ್ಲಿ ಮಾಲಿನ ಒಂದು ಭಾಗ ಒಪ್ಪಿಕೊಂಡರೂ ಸಾಮಾನ್ಯವಾಗಿ ಉಳಿದದ್ದನ್ನು ತಿರಸ್ಕರಿಸುವ ಹಕ್ಕು ಹೋಗುತ್ತದೆ. ಆಮೇಲೆ ಬೆಲೆ ಕಡಿತ, ನಷ್ಟಪರಿಹಾರ ಇಷ್ಟೇ ಕೇಳಬಹುದು.

ಹಾಗಾದರೆ ಮುಗಿಯಿತೇ? ಇಲ್ಲ. ಟ್ಯಾಗ್ ಇಲ್ಲದ ಆ ಎರಡು ಬಂಡಲ್‌ಗಳೇ ನಿಮ್ಮನ್ನು ಉಳಿಸುವುದು. ಹೇಳಿದ ಮಾಲಿನ ಜೊತೆ ಹೇಳದ ಬೇರೆ ಮಾಲು ಬೆರೆತು ಬಂದರೆ ಸರಿ ಇರುವುದನ್ನು ಇಟ್ಟುಕೊಂಡು ಉಳಿದದ್ದನ್ನು ತಿರಸ್ಕರಿಸಬಹುದು ಎಂದು 37ನೇ ಸೆಕ್ಷನ್ನಿನ ಮೂರನೇ ಭಾಗ ನೇರವಾಗಿ ಹೇಳುತ್ತದೆ. 0.27 ಕಾರ್ಬನ್ನಿನ ಬಾರ್ ಕಳಪೆ ಇಎನ್ 8 ಅಲ್ಲ, ಅದು ಇಎನ್ 8 ಅಲ್ಲವೇ ಅಲ್ಲ. ಕಾಗದದಲ್ಲಿ ಈ ವ್ಯತ್ಯಾಸ ಕಾಣಬೇಕು. "ಗುಣಮಟ್ಟ ಚೆನ್ನಾಗಿಲ್ಲ" ಅಂತ ಬರೆದರೆ ಚೌಕಾಸಿಗೆ ಬಾಗಿಲು ತೆಗೆದಂತೆ. "ನಾವು ಕೇಳಿದ್ದು ಒಂದು, ನೀವು ಜೊತೆಗೆ ಬೆರೆಸಿ ಕಳಿಸಿದ್ದು ಇನ್ನೊಂದು" ಅಂತ ಬರೆದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಇದು ಹೇಗೆ ಆಗುತ್ತದೆ ಅಂತ ಗೊತ್ತಿದ್ದರೆ ಜಗಳವೂ ಸ್ವಲ್ಪ ತಣ್ಣಗಿರುತ್ತದೆ. ಡ್ರಾಯಿಂಗ್ ಘಟಕದವರು ಕರಿ ಬಾರ್ ತಂದು, ಮೇಲಿನ ಕಿಟ್ಟ ತೆಗೆದು, ಡೈನಲ್ಲಿ ಎಳೆದು ಬ್ರೈಟ್ ಮಾಡುತ್ತಾರೆ. ಕರಿ ಬಾರ್ ತುದಿಗೆ ಗ್ರೇಡಿನ ಬಣ್ಣ ಹಚ್ಚಿರುತ್ತದೆ. ಎಳೆಯುವ ಮೊದಲು ಆ ತುದಿಯನ್ನು ಸಣ್ಣ ಮಾಡುತ್ತಾರೆ, ಆಮೇಲೆ ಕತ್ತರಿಸಿ ಬಿಸಾಡುತ್ತಾರೆ. ಬಣ್ಣವೂ ಹೋಯಿತು. ಹೊರಗೆ ಬಂದ ಮೇಲೆ ಎಲ್ಲ ಬಾರೂ ಒಂದೇ ಥರ ಹೊಳೆಯುತ್ತವೆ. ಲಾಟ್ ಕೊನೆಗೆ ತೂಕ ಕಡಿಮೆ ಬಿತ್ತು ಅಂತ ಪಕ್ಕದ ಅಟ್ಟಣೆಯಿಂದ ತುಂಬಿಸಿದರೆ ಗ್ರೇಡ್ ಬೆರೆತುಹೋಗುತ್ತದೆ. ಬಹಳ ಸಲ ಇದರ ಹಿಂದೆ ಮೋಸ ಇರುವುದಿಲ್ಲ, ಅಜಾಗರೂಕತೆ ಇರುತ್ತದೆ. ಟಿಸಿ ಸುಳ್ಳಲ್ಲ. ಆದರೆ ಅದು ಆ ಹೀಟ್‌ಗೆ ಮಾತ್ರ ಸಾಕ್ಷಿ, ಟ್ಯಾಗ್ ಇಲ್ಲದ ಬಂಡಲ್‌ಗೆ ಅಲ್ಲ.

ಈಗ ಕಾಗದಕ್ಕೆ ಮೊದಲಿನ ಆ ಒಂದು ದಿನದ ಕೆಲಸ. ನಿಮ್ಮ ಕೈಲಿರುವ ಸಾಕ್ಷಿಯಲ್ಲಿ ಎರಡು ತೂತು ಇದೆ. ನಾಲ್ಕನೇ ಬಂಡಲ್ ನೀವು ಪರೀಕ್ಷಿಸಿಯೇ ಇಲ್ಲ. ಟ್ಯಾಗ್ ಇಲ್ಲ ಅನ್ನುವುದು ಅನುಮಾನ ಅಷ್ಟೇ, ಪುರಾವೆ ಅಲ್ಲ. ಎರಡನೆಯದು, ಲ್ಯಾಬಿಗೆ ಕೊಟ್ಟ ತುಂಡನ್ನು ಎಲ್ಲಿ ಸ್ಪಾರ್ಕ್ ಹೊಡೆಸಿದರು? ಹೊರ ಮೈ ಮೇಲೆ ಹೊಡೆಸಿದ್ದರೆ ಸಪ್ಲೈಯರ್ ಒಂದೇ ಮಾತಿನಲ್ಲಿ ಆ ರಿಪೋರ್ಟ್ ಬೀಳಿಸುತ್ತಾರೆ: "ಅದು ಡಿಕಾರ್ಬ್ ಸಾರ್, ಚರ್ಮದಲ್ಲಿ ಕಾರ್ಬನ್ ಕಡಿಮೆ ತೋರಿಸುತ್ತೆ." ಬಾರನ್ನು ಬಿಸಿ ರೋಲ್ ಮಾಡುವಾಗ ಮೇಲ್ಪದರದ ಕಾರ್ಬನ್ ಉರಿದು ಹೋಗುವುದು ನಿಜ. ಹಾಗಾಗಿ ಬಾರನ್ನು ಅಡ್ಡಕ್ಕೆ ಕೊಯ್ದು, ಕೊಯ್ದ ಮುಖವನ್ನು ಗ್ರೈಂಡ್ ಮಾಡಿ, ಅಂಚಿಗೂ ನಡುವಿಗೂ ಮಧ್ಯದ ಜಾಗದಲ್ಲಿ ಸ್ಪೆಕ್ಟ್ರೋ ಹೊಡೆಸಬೇಕು. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್ ಆಗಿರಲಿ. ಬೆಳಿಗ್ಗೆ ಕೊಟ್ಟರೆ ಸಾಮಾನ್ಯವಾಗಿ ಅವತ್ತೋ ಮಾರನೇ ದಿನವೋ ರಿಪೋರ್ಟ್ ಸಿಗುತ್ತದೆ.

ನಾಳೆ ಬೆಳಿಗ್ಗೆ ಸಪ್ಲೈಯರ್‌ಗೆ ಮೆಸೇಜ್ ಹಾಕಿ: "11 ಗಂಟೆಗೆ ಸ್ಯಾಂಪಲ್ ತೆಗೆಯುತ್ತಿದ್ದೇವೆ, ನಿಮ್ಮವರು ಯಾರಾದರೂ ಬನ್ನಿ." ಬಂದರೆ ಒಳ್ಳೆಯದು. ಬರದಿದ್ದರೆ ಕರೆದಿದ್ದಕ್ಕೆ ದಾಖಲೆ ಇರುತ್ತದೆ. ಪ್ರತಿ ಬಂಡಲ್‌ನಿಂದ ಮೂರು ಬಾರ್ ಆರಿಸಿ, ಒಂದೊಂದರಿಂದ ಮೂರು ತುಂಡು ಕೊಯ್ಯಿರಿ. ಒಂದು ಲ್ಯಾಬಿಗೆ, ಒಂದು ಅವರಿಗೆ, ಒಂದು ಸೀಲ್ ಮಾಡಿ ನಿಮ್ಮ ಬೀರುವಿನಲ್ಲಿ. ಆ ಮೂರನೆಯ ತುಂಡೇ ಮುಂದೆ ಬೇರೆ ಲ್ಯಾಬಿಗೆ ಕಳಿಸುವ ಪಂಚ. ಬಂಡಲ್ ಒಳಗೇ ಬಾರ್‌ಗಳು ಬೆರೆತಿವೆಯಾ ನೋಡಲು ಗ್ರೈಂಡಿಂಗ್ ವ್ಹೀಲ್‌ಗೆ ಹಿಡಿದು ಕಿಡಿ ನೋಡಿ. ಕಾರ್ಬನ್ ಜಾಸ್ತಿ ಇದ್ದಷ್ಟೂ ಕಿಡಿಯ ತುದಿಯಲ್ಲಿ ನಕ್ಷತ್ರದ ಥರ ಸಿಡಿಯುವುದು ಜಾಸ್ತಿ. ಒಂದನೇ ಬಂಡಲ್‌ನ ಬಾರನ್ನು ಪಕ್ಕದಲ್ಲಿ ಹಿಡಿದು ಹೋಲಿಸಿದರೆ ಹಳೇ ಟರ್ನರ್‌ಗಳಿಗೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಇದು ನಿಮ್ಮ ವಿಂಗಡಣೆಗೆ ಮಾತ್ರ. ಕಾಗದದಲ್ಲಿ ಬರೆಯಲು ಲ್ಯಾಬಿನ ಅಂಕಿಯೇ ಬೇಕು.

ಇನ್ನೊಂದು ಪುರಾವೆ ಇದೆ. ನನ್ನ ಪ್ರಕಾರ ಲ್ಯಾಬ್ ರಿಪೋರ್ಟಿಗಿಂತ ಬಾಯಿ ಮುಚ್ಚಿಸುವುದು ಅದೇ. ಸಪ್ಲೈಯರ್‌ನ ಮುಂದಿನ ಮಾತು ಏನಿರುತ್ತದೆ ಗೊತ್ತಾ? "ನಿಮ್ಮ ಹಾರ್ಡನಿಂಗ್‌ನವನು ಸರಿಯಾಗಿ ಬಿಸಿ ಮಾಡಿಲ್ಲ." ಹಾಗಾಗಿ ಒಂದನೇ ಮತ್ತು ಎರಡನೇ ಬಂಡಲ್‌ನಿಂದ ಎರಡೆರಡು ಪಿನ್ ಮಾಡಿಸಿ, ಅದೇ ಹಾರ್ಡನಿಂಗ್ ಶಾಪಿನಲ್ಲಿ, ಅದೇ ಕಾಯಿಲ್‌ನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಹಾಕಿಸಿ. ಅವು 50ರ ಮೇಲೆ ಬಂದರೆ ಮಷಿನ್ನಿನ ತಪ್ಪಲ್ಲ ಅಂತ ತೀರ್ಮಾನ ಆಯಿತು. ಬರದಿದ್ದರೆ ಅದೂ ಈಗಲೇ ಗೊತ್ತಾಗಲಿ. ತಪ್ಪು ಕಾಗದ ಬರೆದು ಸಿಕ್ಕಿಹಾಕಿಕೊಳ್ಳುವುದು ತಪ್ಪುತ್ತದೆ.

ಇನ್ನು ಆ 18ನೇ ತಾರೀಖು ಯಾಕೆ? ಅವರು ಸ್ವಂತ ಡ್ರಾಯಿಂಗ್ ಘಟಕ ಇರುವ ಉದ್ಯಮ್ ನೋಂದಾಯಿತ ಸಪ್ಲೈಯರ್. ಘಟಕ ಮೈಕ್ರೋ ಅಥವಾ ಸ್ಮಾಲ್ ಆಗಿದ್ದರೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪಾವತಿ ನಿಯಮ ಅವರಿಗೆ ಸಿಗುತ್ತದೆ. ಬರೀ ವ್ಯಾಪಾರಿಯಾಗಿದ್ದರೆ ಲೆಕ್ಕ ಬೇರೆ ಇರುತ್ತಿತ್ತು. ಮಾಲು ಬಂದ 15 ದಿನದೊಳಗೆ ನೀವು ಬರಹದಲ್ಲಿ ಆಕ್ಷೇಪಿಸದಿದ್ದರೆ, ಬಂದ ದಿನವೇ ಒಪ್ಪಿಕೊಂಡಿರಿ ಅಂತ ಆ ಕಾಯ್ದೆ ಲೆಕ್ಕ ಹಾಕುತ್ತದೆ. ಆಕ್ಷೇಪಿಸಿದರೆ, ಅವರು ಆ ದೋಷ ಸರಿಪಡಿಸಿದ ದಿನದಿಂದ ಪಾವತಿಯ ಗಡಿಯಾರ ಶುರು. ಈ 15 ದಿನ ಪಾವತಿ ಲೆಕ್ಕಕ್ಕೆ ಇರುವುದು, ದಾಟಿದ ತಕ್ಷಣ ತಿರಸ್ಕರಿಸುವ ಹಕ್ಕೇ ಸತ್ತುಹೋಗುತ್ತದೆ ಅಂತಲ್ಲ. ಆದರೆ ಎದುರಿನವರು ಹಿಡಿಯುವ ಮೊದಲ ಅಸ್ತ್ರ ಅದೇ. ಫೋನ್ ಮಾತು ಬರಹ ಅಲ್ಲ. ನಿಮ್ಮ ವಾಟ್ಸಾಪ್ ಫೋಟೋ ದಾಖಲೆಯೇನೋ ಹೌದು, ಆದರೆ ಅದರ ಕೆಳಗೆ ನೀವು ಏನು ಬರೆದಿದ್ದೀರಿ? "ನೋಡಿ ಸರ್ ಹೀಗಾಗಿದೆ" ಅಂತಿದ್ದರೆ ಅದು ದೂರು, ತಿರಸ್ಕಾರ ಅಲ್ಲ.

ಈ ಪಾಠ ನಾನು ದುಡ್ಡು ಕೊಟ್ಟು ಕಲಿತದ್ದು. ಖರೀದಿ ವಿಭಾಗದಲ್ಲಿ ಹೊಸದಾಗಿದ್ದಾಗ ಒಂದು ಕಾಸ್ಟಿಂಗ್ ಲಾಟ್‌ಗೆ ಎರಡು ಪುಟ ಕಾಗದ ಬರೆದಿದ್ದೆ. ತೂತು, ಬಿರುಕು, ಫೋಟೋ ಎಲ್ಲ ಇತ್ತು. ಕೊನೆಗೆ "ದಯವಿಟ್ಟು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಿ" ಅಂತ ಮುಗಿಸಿದ್ದೆ. ಎರಡು ತಿಂಗಳ ಮೇಲೆ ಆ ಸಪ್ಲೈಯರ್ ಅದೇ ಕಾಗದ ಮೇಜಿನ ಮೇಲಿಟ್ಟು, "ಇದರಲ್ಲಿ ಬೇಡ ಅಂತ ಎಲ್ಲಿ ಹೇಳಿದ್ದೀರಿ ತೋರಿಸಿ" ಅಂದರು. ತೋರಿಸಲು ಏನೂ ಇರಲಿಲ್ಲ. ಅರ್ಧ ಬೆಲೆಗೆ ರಾಜಿಯಾಗಬೇಕಾಯಿತು.

ನಿಮ್ಮ ಕಾಗದ ಹೀಗಿರಬಹುದು. ನಾಲ್ಕನೇ ಬಂಡಲ್ಲೂ ಕೆಟ್ಟದ್ದು, ಮೊದಲ ಎರಡು ಸರಿ ಅಂತ ಬಂದರೆ ಮಾತ್ರ ಹೀಗೆ. ದರ ಕೆಜಿಗೆ 78 ರೂಪಾಯಿ, ಬಂಡಲ್‌ಗೆ 500 ಕೆಜಿ ಅಂತ ಹಿಡಿದಿದ್ದೇನೆ, ನಿಮ್ಮ ಅಂಕಿ ಹಾಕಿಕೊಳ್ಳಿ.

"ದಿನಾಂಕ: ಜೂನ್ 16

ವಿಷಯ: ನಿಮ್ಮ ಇನ್‌ವಾಯ್ಸ್ ಸಂಖ್ಯೆ ____ ರ ಮಾಲಿನಲ್ಲಿ 3 ಮತ್ತು 4ನೇ ಬಂಡಲ್‌ಗಳ ತಿರಸ್ಕಾರ

ಮಾನ್ಯರೇ,

ನಮ್ಮ ಪಿಒ ಸಂಖ್ಯೆ ____ ರಲ್ಲಿ 25 ಎಂಎಂ ಇಎನ್ 8 ಬ್ರೈಟ್ ಬಾರ್, ಕಾರ್ಬನ್ 0.36ರಿಂದ 0.44 ಶೇಕಡಾ ಎಂದು ಕೇಳಿದ್ದೆವು. ಜೂನ್ 3ರಂದು 4 ಬಂಡಲ್, 2,000 ಕೆಜಿ ತಲುಪಿದೆ.

ಜೂನ್ 15ರಂದು ನಿಮಗೆ ತಿಳಿಸಿ ಸ್ಯಾಂಪಲ್ ತೆಗೆದಿದ್ದೇವೆ. ಲಗತ್ತಿಸಿದ ಲ್ಯಾಬ್ ವರದಿಯಂತೆ 3ನೇ ಬಂಡಲ್‌ನಲ್ಲಿ ಕಾರ್ಬನ್ ____, 4ನೇ ಬಂಡಲ್‌ನಲ್ಲಿ ____ ಇದೆ. ಈ ಎರಡಕ್ಕೂ ಹೀಟ್ ನಂಬರಿನ ಟ್ಯಾಗ್ ಇರಲಿಲ್ಲ. ಇವು ಇಎನ್ 8 ಅಲ್ಲ. 1 ಮತ್ತು 2ನೇ ಬಂಡಲ್ ಪಿಒ ಪ್ರಕಾರ ಇವೆ.

1 ಮತ್ತು 2ನೇ ಬಂಡಲ್‌ನ 1,000 ಕೆಜಿಯನ್ನು ಸ್ವೀಕರಿಸಿದ್ದೇವೆ. ಇದರ ಹಣ 92,040 ರೂಪಾಯಿ, ಜಿಎಸ್‌ಟಿ ಸೇರಿ, ಒಪ್ಪಿದ ಅವಧಿಯಲ್ಲಿ ಪಾವತಿಸುತ್ತೇವೆ.

3 ಮತ್ತು 4ನೇ ಬಂಡಲ್‌ನಲ್ಲಿ ಕತ್ತರಿಸದೆ ಇರುವ 820 ಕೆಜಿಯನ್ನು ಈ ಪತ್ರದ ಮೂಲಕ ತಿರಸ್ಕರಿಸಿದ್ದೇವೆ. ಇದು ನಿಮ್ಮ ಮಾಲಾಗಿ ನಮ್ಮಲ್ಲಿ ಪ್ರತ್ಯೇಕವಾಗಿದೆ. ಜೂನ್ 25ರೊಳಗೆ ನಿಮ್ಮ ಖರ್ಚಿನಲ್ಲಿ ತೆಗೆದುಕೊಂಡು ಹೋಗಿ.

ದೋಷ ಗೊತ್ತಾಗುವ ಮೊದಲು ಕತ್ತರಿಸಿದ 180 ಕೆಜಿಯ ಬೆಲೆ, 40 ಪಿನ್‌ಗಳ ಮಷಿನಿಂಗ್ ಮತ್ತು ಹಾರ್ಡನಿಂಗ್ ಖರ್ಚನ್ನು ಪರಿಹಾರವಾಗಿ ಕೇಳುತ್ತಿದ್ದೇವೆ. ತಿರಸ್ಕಾರವನ್ನು ನೀವು ಒಪ್ಪದಿದ್ದರೂ ಬೆಲೆ ಕಡಿತದ ನಮ್ಮ ಹಕ್ಕು ಹಾಗೇ ಇರುತ್ತದೆ.

ಜೂನ್ 25ರೊಳಗೆ 1,000 ಕೆಜಿ ಬದಲಿ ಮಾಲು, ಬಂಡಲ್‌ವಾರು ಟಿಸಿ ಜೊತೆ ಕಳಿಸಿ. ತಪ್ಪಿದರೆ ಬೇರೆ ಕಡೆ ಕೊಂಡು ಬೆಲೆಯ ವ್ಯತ್ಯಾಸವನ್ನು ನಿಮ್ಮಿಂದ ಕೇಳಬೇಕಾಗುತ್ತದೆ."

ಇದರಲ್ಲಿ ಸಿಟ್ಟಿಲ್ಲ, ಸೆಕ್ಷನ್ನೂ ಇಲ್ಲ. ಬೇಕಂತಲೇ ಬಿಟ್ಟಿದ್ದೇನೆ. ಮೊದಲ ಕಾಗದದಲ್ಲೇ ಕಾನೂನು ಸುರಿದರೆ ಅವರು ಸೀದಾ ವಕೀಲರ ಹತ್ತಿರ ಹೋಗುತ್ತಾರೆ, ಮಾಲು ಬದಲಾಯಿಸುವ ಮಾತು ನಿಂತುಹೋಗುತ್ತದೆ. 180 ಕೆಜಿಯನ್ನು ತಿರಸ್ಕಾರದಲ್ಲಿ ಸೇರಿಸದೆ ಬೇರೆ ಇಟ್ಟಿದ್ದೂ ಬೇಕಂತಲೇ. ಅದನ್ನೂ ವಾಪಸ್ ತಗೊಳ್ಳಿ ಅಂತ ಹಟ ಹಿಡಿದರೆ ನಿಮ್ಮ ಬಲವಾದ 820 ಕೆಜಿಗೂ ಮಸಿ ಬಳಿದುಕೊಳ್ಳುತ್ತೀರಿ. ಅದರ ಬೆಲೆ ಜಿಎಸ್‌ಟಿ ಸೇರಿ 16,567 ರೂಪಾಯಿ ಚಿಲ್ಲರೆ. ಮಾತುಕತೆಯಲ್ಲಿ ಬಿಟ್ಟುಕೊಡಲು ಏನಾದರೂ ಬೇಕಾದರೆ ಬಿಡಬಹುದಾದದ್ದು ಅದು.

ಕಾಗದವನ್ನು ಇಮೇಲ್ ಮಾಡಿ, ವಾಟ್ಸಾಪ್‌ನಲ್ಲಿ ಪಿಡಿಎಫ್ ಹಾಕಿ, ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಹಳೇ ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್‌ನಿಂದ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ, ಅದಕ್ಕೆ ಅಂಚೆ ಕಚೇರಿಯಲ್ಲಿ ಹುಡುಕಾಡಬೇಡಿ. ಪೀಣ್ಯದೊಳಗೇ ಇದ್ದರೆ ಹುಡುಗನ ಕೈಲಿ ಕೊಟ್ಟು ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡು ಬರುವುದೇ ವಾಸಿ.

ಮಾಲನ್ನು ನೀವೇ ಲಾರಿಗೆ ಹಾಕಿ ಯಾಕೆ ಕಳಿಸಬಾರದು ಅಂದರೆ, ಕಳಿಸುವ ಜವಾಬ್ದಾರಿ ನಿಮ್ಮದಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ "ಒಪ್ಪುವುದಿಲ್ಲ" ಎಂದು ತಿಳಿಸಿದರೆ ಸಾಕು ಎನ್ನುತ್ತದೆ ಸರಕು ಮಾರಾಟ ಕಾಯ್ದೆಯ 43ನೇ ಸೆಕ್ಷನ್. ಹೇಳದೆ ಕೇಳದೆ ಕಳಿಸಿದರೆ ಅವರ ಗೇಟಿನಲ್ಲಿ ಇಳಿಸಿಕೊಳ್ಳುವುದಿಲ್ಲ, ಎರಡು ಕಡೆ ಬಾಡಿಗೆ ನಿಮ್ಮ ತಲೆಗೆ ಬರುತ್ತದೆ. ಬಂಡಲ್‌ಗಳನ್ನು ಮೂಲೆಗೆ ಸರಿಸಿ, ತುದಿಗೆ ಕೆಂಪು ಬಣ್ಣ ಬಳಿದು, ಮಳೆ ನೀರು ಬೀಳದ ಹಾಗೆ ಮುಚ್ಚಿಡಿ. ಇದು ಜೂನ್, ತುಕ್ಕು ಹಿಡಿದರೆ ಅದೇ ಹೊಸ ಜಗಳ. ಮುಖ್ಯವಾಗಿ, ಅರ್ಜೆಂಟ್ ಆರ್ಡರ್ ಬಂತು ಅಂತ ರಾತ್ರಿ ಪಾಳಿಯವರು ಅದರಿಂದ ಒಂದು ಬಾರ್ ಕೂಡ ಎತ್ತಬಾರದು. ಕಾಗದ ಕೊಟ್ಟ ಮೇಲೆ ಒಂದು ಬಾರ್ ಬಳಸಿದರೂ ನಿಮ್ಮ ತಿರಸ್ಕಾರವನ್ನು ನೀವೇ ಅಳಿಸಿದಂತೆ.

ದುಡ್ಡಿನ ಮಾತು. ಒಟ್ಟು ಬಿಲ್ 1,84,080. ಇದರಲ್ಲಿ 92,040ಕ್ಕೆ ನಿಮ್ಮ ತಕರಾರೇ ಇಲ್ಲ, ಅದನ್ನು ತಡೆಯಲು ಕಾರಣವೂ ಇಲ್ಲ. ಬರಹದಲ್ಲಿ ಒಪ್ಪಿದ ಅವಧಿ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿ. ಅವರು ಎಂಎಸ್‌ಎಂಇ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗಿ ಗೆದ್ದರೆ, ಆ ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಲು ನೀವು ಮೊದಲು 75 ಶೇಕಡಾ ಹಣ ಕಟ್ಟಬೇಕು. ಸರಿ ಇರುವ ಮಾಲಿನ ದುಡ್ಡು ಕೊಟ್ಟು ಕೂತವನ ಮಾತನ್ನು ಕೌನ್ಸಿಲ್ ಕೇಳುವ ರೀತಿಯೇ ಬೇರೆ.

ಅವರು ಬದಲಿ ಮಾಲು ಕೊಡದೆ "ಕೆಜಿಗೆ 15 ರೂಪಾಯಿ ಕಡಿಮೆ ಮಾಡ್ತೀನಿ, ಇಟ್ಕೊಳ್ಳಿ" ಅನ್ನಬಹುದು. ಹಾರ್ಡನಿಂಗ್ ಬೇಡದ ಸ್ಪೇಸರ್, ಬುಷ್ ಥರದ ಕೆಲಸ ನಿಮ್ಮಲ್ಲಿದ್ದರೆ ಇದು ಕೆಟ್ಟ ವ್ಯವಹಾರ ಅಲ್ಲ. ಆದರೆ ಎರಡು ಗ್ರೇಡ್ ಒಂದೇ ಛಾವಣಿಯ ಕೆಳಗೆ ಇಟ್ಟುಕೊಂಡರೆ ಅವರ ಅಟ್ಟಣೆಯಲ್ಲಿ ಆದದ್ದೇ ನಿಮ್ಮ ಅಟ್ಟಣೆಯಲ್ಲೂ ಆಗುತ್ತದೆ. ಒಂದು ಮೆತ್ತಗಿನ ಪಿನ್ ಗ್ರಾಹಕರಿಗೆ ಹೋದರೆ 15 ರೂಪಾಯಿ ಉಳಿಸಿದ್ದು ಎಲ್ಲಿಗೂ ಸಾಲದು. ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಒಪ್ಪುವುದಾದರೆ ಕ್ರೆಡಿಟ್ ನೋಟ್ ಕೈಗೆ ಬಂದ ಮೇಲೆಯೇ ಬಂಡಲ್ ಬಿಚ್ಚಿ.

ವಾಪಸ್ ತೆಗೆದುಕೊಂಡರೂ ಕ್ರೆಡಿಟ್ ನೋಟ್ ಬೇಕೇ ಬೇಕು. ಆ ಭಾಗದ ಇನ್‌ಪುಟ್ ಕ್ರೆಡಿಟ್ ನೀವು ತೆಗೆದುಕೊಂಡಿದ್ದರೆ ಹಿಂತಿರುಗಿಸಬೇಕು. 820 ಕೆಜಿಯ ಬೆಲೆ ಜಿಎಸ್‌ಟಿ ಸೇರಿ 75,472 ರೂಪಾಯಿ ಚಿಲ್ಲರೆ, ಅಂದರೆ 50,000 ದಾಟಿತು. ಲಾರಿ ಹೊರಡುವ ಮೊದಲು ಇ-ವೇ ಬಿಲ್ ಇರಲಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಟ್ಟಿನಿಂದ ಇಡೀ ಇನ್‌ವಾಯ್ಸನ್ನು ರಿಜೆಕ್ಟ್ ಒತ್ತಬೇಡಿ, ಅರ್ಧ ಮಾಲು ನೀವು ಒಪ್ಪಿಕೊಂಡಿದ್ದೀರಲ್ಲ.

ಕೊನೆಯದಾಗಿ, ಹಾರ್ಡನಿಂಗ್ ಶಾಪಿನಿಂದ ಆ 40 ಪಿನ್‌ಗಳ ರೀಡಿಂಗ್ ಚೀಟಿ ತರಿಸಿಕೊಂಡಿದ್ದೀರಾ? ಬಹಳ ಶಾಪುಗಳಲ್ಲಿ ಅದನ್ನು ಸೀಮೆಸುಣ್ಣದಲ್ಲಿ ಹಲಗೆ ಮೇಲೆ ಬರೆದು ಮಾರನೇ ದಿನ ಒರೆಸುತ್ತಾರೆ. ಇವತ್ತೇ ಹೋಗಿ, ತಾರೀಖು ಹಾಕಿಸಿ, ಸಹಿ ಹಾಕಿಸಿಕೊಂಡು ಬನ್ನಿ. ಪಿನ್‌ಗಳನ್ನೂ ಸ್ಕ್ರ್ಯಾಪಿಗೆ ಹಾಕದೆ ಎತ್ತಿಡಿ.